ಅವಳಿ ಹೆಣ್ಣುಮಕ್ಕಳಿಗೆ ಹೆಸರು ಇಟ್ಟದ್ದು

ಅವಳಿ ಅಂದ ಕೂಡಲೇ ಎಲ್ಲರಿಗೂ ಪ್ರಾಸದ ಹೆಸರೇ ಬೇಕು. ಬಾಗಲಕೋಟೆಯ ನಮ್ಮ ಮನೆಯಲ್ಲೂ ಸಂಜನಾ–ಸಂಜೀವಿನಿ, ಕೀರ್ತಿ–ಸ್ಫೂರ್ತಿ, ಗಂಗಾ–ಗೌರಿ ಅಂತ ಪಟ್ಟಿ ಬೆಳೆದಿತ್ತು. ಕೇಳೋಕೆ ಚೆಂದ. ಆದರೆ ನಮ್ಮ ಕಡೆ ಪೂರ್ತಿ ಹೆಸರು ಹಿಡಿದು ಕರೆಯುವವರು ಯಾರು? ಬಸವರಾಜ ಬಸ್ಯಾ ಆಗುತ್ತಾನೆ, ಮಲ್ಲಿಕಾರ್ಜುನ ಮಲ್ಯಾ ಆಗುತ್ತಾನೆ. ಅದಕ್ಕೇ ನಾನು ಪ್ರತಿ ಹೆಸರಿನ ಪಕ್ಕದಲ್ಲಿ ಅದು ಬಾಯಲ್ಲಿ ಏನಾಗುತ್ತದೆ ಅಂತ ಬರೆದೆ. ಸಂಜನಾ, ಸಂಜೀವಿನಿ ಎರಡೂ ಸಂಜು. ಆ ಜೋಡಿ ಅಲ್ಲಿಗೇ ಮುಗಿಯಿತು.

ಆಮೇಲೆ ಕೂಗಿ ನೋಡಿದೆ. ನಾನು ಹಿತ್ತಲಲ್ಲಿ ನಿಂತು ಕೂಗುವುದು, ಯಜಮಾನರು ಪಡಸಾಲೆಯಲ್ಲಿ ಕೂತು ಯಾವ ಹೆಸರು ಕೇಳಿಸಿತು ಅಂತ ಹೇಳುವುದು. ಕೂಗುವಾಗ ಹೆಸರಿನ ಕೊನೆಯನ್ನೇ ಎಳೆಯುತ್ತೇವೆ, ಅಲ್ವಾ? ಹಾಗಾಗಿ ಕೀರ್ತಿ, ಸ್ಫೂರ್ತಿ ಎರಡರಲ್ಲೂ ಅವರಿಗೆ ಮುಟ್ಟಿದ್ದು ಬರೀ "ರ್ತೀ". ಕೊನೆಯ ಸ್ವರ ಒಂದೇ ಆದರೂ ನಡೆಯುತ್ತದೆ, ಆದರೆ ಅದರ ಹಿಂದಿನ ವ್ಯಂಜನ, ಮೊದಲ ಅಕ್ಷರದ ಉದ್ದ ಬೇರೆ ಇರಬೇಕು.

ಗಂಗಾ–ಗೌರಿಗೆ ತಕರಾರು ಬಂದದ್ದು ನಮ್ಮ ಅತ್ತೆಯಿಂದ. "ಅಕ್ಕ-ತಂಗಿಗೆ ಸವತ್ಯಾರ ಹೆಸರು ಇಡ್ತಿಯೇನವಾ?" ಅಂದರು. ಸರಿಯಾದ ಮಾತು. ಜೋಡಿ ಹೆಸರಿನ ಹಿಂದೆ ಒಂದು ಸಂಬಂಧವೂ ಬರುತ್ತದೆ. ಗಂಗಾಂಬಿಕೆ, ನೀಲಾಂಬಿಕೆ ಇಬ್ಬರೂ ಬಸವಣ್ಣನವರ ಹೆಂಡಂದಿರು, ಹಾಗಾಗಿ ಅದೂ ಜೋಡಿಯಾಗಿ ಬೇಡ. ಒಂದನ್ನು ಮಾತ್ರ ತಗೊಂಡೆವು: ನೀಲಾ. ಇನ್ನೊಂದಕ್ಕೆ ಅಜಗಣ್ಣನ ತಂಗಿ ಮುಕ್ತಾಯಕ್ಕ ಸಿಕ್ಕಳು. ಇಬ್ಬರೂ ವಚನ ಬರೆದವರು, ಜೋಡಿ ಅರ್ಥಕ್ಕೆ ಅಷ್ಟು ಸಾಕು. ಮುಕ್ತಾ, ನೀಲಾ. ಬಾಯಲ್ಲಿ ಮುಕ್ತಿ, ನೀಲಿ. ಮ, ನ ದೂರದಿಂದ ಹತ್ತಿರ ಹತ್ತಿರ ಕೇಳಿಸುತ್ತವೆ ನಿಜ. ಆದರೆ 'ಮು' ಗಿಡ್ಡ, 'ನೀ' ಉದ್ದ, ನಡುವೆ 'ಕ್ತ' ಬೇರೆ ತಡೆಯುತ್ತದೆ. ಪಡಸಾಲೆಯಲ್ಲಿ ಕೂತವರು ಒಮ್ಮೆಯೂ ತಪ್ಪು ಹೇಳಲಿಲ್ಲ.

ಇಷ್ಟೆಲ್ಲ ಪುರುಸೊತ್ತು ಸಿಕ್ಕಿದ್ದು ಹೇಗೆ ಅಂದರೆ, ಜನನ ನೋಂದಣಿಗೆ ಹೆಸರು ಕಡ್ಡಾಯವಲ್ಲ. 21 ದಿನದೊಳಗೆ ಹೆಸರಿಲ್ಲದೆಯೇ ನೋಂದಣಿ ಮಾಡಿಸಿ, 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ತೊಟ್ಟಿಲ ದಿನ ಸೋದರತ್ತೆ ಕಿವಿಯಲ್ಲಿ ಹೇಳಿದ ಮೇಲೆಯೇ ನಾವು ಬರೆಸಿದೆವು. ಯಾವ ಮಗುವಿನ ನೋಂದಣಿ ಸಂಖ್ಯೆ ಯಾವುದು ಅಂತ ಎರಡೂ ಪ್ರಮಾಣಪತ್ರ ನೋಡಿ ಹೆಸರು ಕೊಡಿ. ಹುಟ್ಟಿದ ದಿನ, ಅಪ್ಪ-ಅವ್ವ, ವಿಳಾಸ ಎಲ್ಲ ಒಂದೇ ಇರುವುದರಿಂದ ಅಲ್ಲಿ ಅದಲು-ಬದಲಾಗುವುದು ಸುಲಭ.

ಒಂದು ಕೊರತೆ ಉಳಿದಿದೆ. ಫೋನಿನಲ್ಲಿ ಇನಿಷಿಯಲ್ ಹೇಳಿದರೆ 'ಎಂ', 'ಎನ್' ಗೊಂದಲವಾಗುತ್ತದೆ. ನಾವು ಪೂರ್ತಿ ಹೆಸರೇ ಹೇಳುತ್ತೇವೆ.