ಮಾರ್ಕ್ ಮಾಡಿದ್ದು ಮೂರೇ ಪ್ರಶ್ನೆ: ಮನೆಯಿಂದ ಜಿಆರ್‌ಇ ಬರೆದ ನನ್ನ ಅನುಭವ

ಮೂರನೇ ಸಲ ಜಿಆರ್‌ಇಯ ಗಣಿತದ ಭಾಗವಾದ ಕ್ವಾಂಟ್‌ನಲ್ಲಿ 163 ಬಂತು. ಮೊದಲೆರಡು ಸಲ 154, 155ರ ಆಸುಪಾಸಿನಲ್ಲೇ ನಿಂತಿದ್ದೆ. ನಡುವೆ ನಾನು ಹೊಸದಾಗಿ ಗಣಿತ ಕಲಿಯಲಿಲ್ಲ, ಗಡಿಯಾರ ನೋಡುವ ರೀತಿಯನ್ನೂ, ಮತ್ತೆ ನೋಡಬೇಕಾದ ಪ್ರಶ್ನೆಗೆ ಗುರುತು ಹಾಕುವ `Mark` ಒತ್ತುವ ರೀತಿಯನ್ನೂ ಬದಲಿಸಿದೆ, ಅಷ್ಟೇ. ಜೊತೆಗೆ ಓದುತ್ತಿದ್ದವರು ಇದನ್ನು ನಂಬಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಹಾಳಾಗಿದ್ದು ಹಟದಿಂದ. ಆರನೇ ಪ್ರಶ್ನೆಗೇ ನಾಲ್ಕೈದು ನಿಮಿಷ ಸುರಿದೆ, ಕೊನೆಯ ಮೂರು ಖಾಲಿ ಉಳಿದವು. ತಪ್ಪು ಉತ್ತರಕ್ಕೆ ಅಂಕ ಕಳೆಯದ ಪರೀಕ್ಷೆಯಲ್ಲಿ ಖಾಲಿ ಬಿಡುವುದೆಂದರೆ ಕೈಯಾರೆ ಅಂಕ ಎಸೆದಂತೆ. ಮೊದಲ ವಿಭಾಗ ಕೆಟ್ಟರೆ ಎರಡನೆಯದು ಸುಲಭದ್ದು ಬರುತ್ತದೆ, ಆಮೇಲೆ ಎಷ್ಟೇ ಚೆನ್ನಾಗಿ ಮಾಡಿದರೂ ಅಂಕ ಒಂದು ಮಿತಿಗಿಂತ ಮೇಲೇರುವುದಿಲ್ಲ. ಎರಡನೇ ಸಲ ಮತ್ತೆ ಪೂರ್ತಿ ಶುಲ್ಕ ಕಟ್ಟಿದೆ, ದಿನಾಂಕ ಬದಲಿಸಿದ್ದಕ್ಕೆ ಮೇಲೊಂದಿಷ್ಟು ಹೋಯಿತು. ಆಗ ‘ಅನುಮಾನ ಬಂದದ್ದನ್ನೆಲ್ಲ ಮಾರ್ಕ್ ಮಾಡು’ ಎಂಬ ಸಲಹೆ ಪಾಲಿಸಿ, 15ರಲ್ಲಿ ಎಂಟನ್ನು ಮಾರ್ಕ್ ಮಾಡಿದೆ. `Review` ತೆರೆದಾಗ ಉಳಿದಿದ್ದು ಎರಡು ನಿಮಿಷ. ಪಟ್ಟಿ ನೋಡಿ, ಒಂದನ್ನು ಆರಿಸಿ, ಪ್ರಶ್ನೆಯನ್ನು ಮತ್ತೆ ಓದುವುದಕ್ಕೇ ಅರ್ಧ ನಿಮಿಷ ಬೇಕು. ಎಂಟರಲ್ಲಿ ಎರಡನ್ನು ಮುಟ್ಟಿದೆ, ಒಂದೂ ಬದಲಾಗಲಿಲ್ಲ.

ಆಮೇಲೆ ಹೊಳೆಯಿತು: ಮಾರ್ಕ್ ಇರುವುದು ಕಷ್ಟದ ಪ್ರಶ್ನೆಗಲ್ಲ, ಇನ್ನೊಂದು ನಿಮಿಷ ಕೊಟ್ಟರೆ ಬಗೆಹರಿಯುವ ಪ್ರಶ್ನೆಗೆ. ದಾರಿಯೇ ಕಾಣದಿದ್ದರೆ ಒಂದು ಉತ್ತರ ಒತ್ತಿ ಮುಂದೆ ಹೋಗುತ್ತೇನೆ, ಮಾರ್ಕ್ ಮಾಡುವುದಿಲ್ಲ. ಲೆಕ್ಕ ಅರ್ಧಕ್ಕೆ ನಿಂತಿದ್ದರೆ, ಅಥವಾ ಎರಡು ಆಯ್ಕೆಗಳ ನಡುವೆ ಸಿಕ್ಕಿದ್ದರೆ ಮಾತ್ರ ಮಾರ್ಕ್, ಅದೂ ವಿಭಾಗಕ್ಕೆ ಮೂರು. ಮಾರ್ಕ್ ಮಾಡುವ ಮುನ್ನ ಯಾವುದಾದರೂ ಉತ್ತರ ಒತ್ತಿಯೇ ಇರಬೇಕು. ವೈಟ್‌ಬೋರ್ಡಿನ ಮೂಲೆಯಲ್ಲಿ ಪ್ರಶ್ನೆಯ ಸಂಖ್ಯೆ, ಪಕ್ಕದಲ್ಲಿ ಲೆಕ್ಕ ಬಾಕಿ ಎಂಬುದಕ್ಕೆ ‘ಲೆ’ ಅಥವಾ ಉಳಿದ ಎರಡು ಆಯ್ಕೆಗಳ ಅಕ್ಷರ ಬರೆಯುತ್ತೇನೆ. ಅಷ್ಟಿದ್ದರೆ ಮರಳಿ ಬಂದಾಗ ಮೊದಲಿನಿಂದ ಯೋಚಿಸಬೇಕಾಗಿಲ್ಲ.

ಅಭ್ಯಾಸಕ್ಕೆ ಬರೆದ ಒಂದು ಮಾಕ್‌ನಲ್ಲಿ ಹೀಗಾಯಿತು. x² > x³ ಎಂದು ಕೊಟ್ಟು, A ಕಡೆ x, B ಕಡೆ 1 ಇಟ್ಟು, ಯಾವುದು ದೊಡ್ಡದು ಎಂದು ಕೇಳಿದ್ದರು. ಹೇಳಲಾಗದು ಎಂದಾದರೆ ಉತ್ತರ D. ಮೊದಲ ನೋಟಕ್ಕೆ ಅರ್ಧವನ್ನು ಹಾಕಿದೆ, B ದೊಡ್ಡದು ಬಂತು. ಋಣಸಂಖ್ಯೆಯಾದರೆ ತಿರುಗಿಬಿದ್ದೀತೇನೋ ಎಂಬ ಅನುಮಾನ. B ಒತ್ತಿ, ಬೋರ್ಡಿನಲ್ಲಿ ‘7: B/D’ ಎಂದು ಬರೆದು ಮುಂದೆ ಹೋದೆ. ಕೊನೆಯಲ್ಲಿ ಬಂದು –2 ಹಾಕಿ ನೋಡಿದೆ: 4 > –8, ಷರತ್ತು ನಿಜ, x ಒಂದಕ್ಕಿಂತ ಚಿಕ್ಕದೇ. ಸೊನ್ನೆ ಷರತ್ತಿಗೇ ಹೊಂದುವುದಿಲ್ಲ, 1ಕ್ಕಿಂತ ದೊಡ್ಡದೂ ಹೊಂದುವುದಿಲ್ಲ. B ಉಳಿಯಿತು, ನಲವತ್ತು ಸೆಕೆಂಡೂ ಹಿಡಿಯಲಿಲ್ಲ.

ಮನೆಯಲ್ಲಿ ಬರೆಯುವಾಗ ಕೈಗಡಿಯಾರ ಕಟ್ಟುವಂತಿಲ್ಲ, ಪರದೆಯ ಮೇಲಿನ ಉಳಿದ ಸಮಯವೇ ಗತಿ. ಹಾಗಾಗಿ ಕಳೆದದ್ದನ್ನು ಲೆಕ್ಕಹಾಕದೆ, ಉಳಿದಿರಬೇಕಾದ್ದನ್ನೇ ಬಾಯಿಪಾಠ ಮಾಡಿಕೊಂಡೆ. 21 ನಿಮಿಷ, 12 ಪ್ರಶ್ನೆಯ ಮೊದಲ ಕ್ವಾಂಟ್‌ನಲ್ಲಿ ನಾಲ್ಕು ಮುಗಿದಾಗ 15 ನಿಮಿಷ, ಎಂಟು ಮುಗಿದಾಗ ಒಂಬತ್ತೂವರೆ, ಹನ್ನೆರಡಕ್ಕೆ 4. 26 ನಿಮಿಷ, 15 ಪ್ರಶ್ನೆಯ ಎರಡನೆಯದರಲ್ಲಿ ಐದಕ್ಕೆ ಹದಿನೆಂಟೂವರೆ, ಹತ್ತಕ್ಕೆ 11, ಕೊನೆಗೆ ಮತ್ತೆ 4. ಆ ನಾಲ್ಕು ನಿಮಿಷ ಮಾರ್ಕ್ ಮಾಡಿದ ಮೂರು ಪ್ರಶ್ನೆಗಳಿಗೆ. ಈ ನಿಲುಗಡೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಗಡಿಯಾರದ ಕಡೆ ಕಣ್ಣು ಹಾಯಿಸುವುದಿಲ್ಲ. ಯಾವುದಾದರೂ ನಿಲುಗಡೆಯಲ್ಲಿ ಒಂದು ನಿಮಿಷ ಹಿಂದಿದ್ದರೆ ಮುಂದಿನ ಕಷ್ಟದ ಪ್ರಶ್ನೆಯನ್ನು ಓದಿದೊಡನೆ ಊಹಿಸಿ ಬಿಡುತ್ತೇನೆ. ವೇಗ ಹೆಚ್ಚಿಸಲು ಹೋದರೆ ಸುಲಭದವೂ ತಪ್ಪಾಗುತ್ತವೆ, ಅದನ್ನು ಎರಡು ಮಾಕ್ ಕಳೆದುಕೊಂಡು ಕಲಿತೆ.

ಗ್ರಾಫಿನ ಮೇಲೆ ಸಾಲಾಗಿ ಬರುವ ಪ್ರಶ್ನೆಗಳನ್ನು ಮಾರ್ಕ್ ಮಾಡುವುದೇ ಇಲ್ಲ. ಮರಳಿ ಬಂದರೆ ಗ್ರಾಫನ್ನೇ ಮೊದಲಿನಿಂದ ಓದಬೇಕಾಗುತ್ತದೆ, ಆ ಹೊತ್ತಿಗೆ ಅದನ್ನು ಅಲ್ಲೇ ಮುಗಿಸಬಹುದು. ಇಂಗ್ಲಿಷ್ ಭಾಷೆಯ ಭಾಗವಾದ ವರ್ಬಲ್‌ನ ಉದ್ದದ ಪ್ಯಾಸೇಜಿಗೂ ಇದೇ. ಅಲ್ಲಿ ಮಾರ್ಕುಗಳನ್ನೆಲ್ಲ ಬಿಟ್ಟಸ್ಥಳ ತುಂಬುವ ಪ್ರಶ್ನೆಗಳಿಗೆ ಇಟ್ಟುಕೊಂಡೆ. ಅವನ್ನು ಯಾವ ಕ್ರಮದಲ್ಲಿ ಮಾಡುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ.

ಈ ನಡುವೆ ‘ಮೊದಲು ಹೊಳೆದದ್ದೇ ಸರಿ’ ಎಂಬ ಮಾತನ್ನೂ ಪರೀಕ್ಷಿಸಿದೆ. ಆರೇಳು ಮಾಕ್‌ಗಳಲ್ಲಿ ಬದಲಿಸಿದ ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ನಲವತ್ತರ ಆಸುಪಾಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ತಪ್ಪಿನಿಂದ ಸರಿಗೆ ಬಂದಿದ್ದವು, ಸರಿಯಿದ್ದು ಕೆಟ್ಟವು ಒಂಬತ್ತೋ ಹತ್ತೋ. ಕೆಟ್ಟವು ಬಹುತೇಕ ಹೊಸ ಕಾರಣವಿಲ್ಲದೆ, ಬರೀ ಅಳುಕಿನಿಂದ ಬದಲಿಸಿದವು. ಈಗ ಬೋರ್ಡಿನ ಮೇಲೆ ಹೊಸ ಲೆಕ್ಕ ಕಾಣದಿದ್ದರೆ ಉತ್ತರ ಮುಟ್ಟುವುದಿಲ್ಲ.

ಬೋರ್ಡಿನ ಬಗ್ಗೆ ಒಂದು ಮಾತು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಮತ್ತೆ ಮತ್ತೆ ತಲೆ ಬಗ್ಗಿಸಿದ್ದಕ್ಕೆ ಎರಡನೇ ಸಲ ಮೇಲ್ವಿಚಾರಕರಿಂದ ಸಂದೇಶ ಬಂತು, ಓದಿ ಉತ್ತರಿಸುವಷ್ಟರಲ್ಲಿ ಅರ್ಧ ನಿಮಿಷ ಹೋಯಿತು. ಮೂರನೇ ಸಲ ಮೇಜಿನ ಮೇಲೆ, ಕೀಬೋರ್ಡಿನ ಪಕ್ಕದಲ್ಲೇ ಇಟ್ಟೆ. ತುಟಿಯಾಡಿಸಿ ಓದುವ ಅಭ್ಯಾಸವನ್ನೂ ಬಿಡಿಸಿಕೊಂಡೆ, ಅದಕ್ಕೆ ಎರಡು ವಾರ ಹಿಡಿಯಿತು.