ಡೇಟ್ ಸರಿಯಾಗಿ ಬರುತ್ತಿತ್ತು, ಅಂಡ ಬಿಡುಗಡೆ ಆಗುತ್ತಿರಲಿಲ್ಲ: ನನ್ನ ಅನುಭವ

ಡೇಟ್ ಆಯಿತು ಅಂದರೆ ಆ ತಿಂಗಳು ಅಂಡವೂ ಬಿಡುಗಡೆಯಾಗಿತ್ತು ಎಂದು ನಮ್ಮಲ್ಲಿ ಹೆಚ್ಚಿನವರು ತಿಳಿದುಕೊಂಡಿರುತ್ತಾರೆ. ನಾನು ಹಾಸನದ ಒಂದು ಲ್ಯಾಬ್‌ನಲ್ಲಿ ರಕ್ತಪರೀಕ್ಷೆ ಮಾಡುವವಳು. ಮಗುವಿಗಾಗಿ ಪ್ರಯತ್ನಿಸುತ್ತಿರುವ ಹೆಂಗಸರ ಪ್ರೊಜೆಸ್ಟರಾನ್ ವರದಿಗಳು ದಿನವೂ ನನ್ನ ಕೈಯಿಂದಲೇ ಹೋಗುತ್ತವೆ. "ಮೇಡಂ, ನನಗೆ ಪ್ರತಿ ತಿಂಗಳೂ ಆಗುತ್ತೆ, ಆದರೂ ಇದು ಯಾಕೆ ಇಷ್ಟು ಕಡಿಮೆ?" ಎಂದು ಕೇಳುವವರು ಬಹಳ. ನಾನೂ ಮಗು ಬೇಕೆಂದುಕೊಂಡು ವರ್ಷ ಕಳೆದ ಮೇಲೆ ಅದೇ ಪ್ರಶ್ನೆಯನ್ನು ನನ್ನ ದೇಹಕ್ಕೆ ಕೇಳಬೇಕಾಯಿತು. ನನ್ನ ಮುಟ್ಟು 33ರಿಂದ 36 ದಿನಕ್ಕೊಮ್ಮೆ ಬರುತ್ತಿತ್ತು. ಸ್ವಲ್ಪ ತಡ ಅನ್ನಿಸಿದರೂ ತಪ್ಪುತ್ತಿರಲಿಲ್ಲ.

ಮೊದಲು ರಕ್ತ ಯಾಕೆ ಬರುತ್ತದೆ ಅನ್ನುವುದನ್ನು ಹೇಳುತ್ತೇನೆ. ಅದು ಅರ್ಥವಾದರೆ ಉಳಿದದ್ದು ತಾನೇ ಸ್ಪಷ್ಟವಾಗುತ್ತದೆ. ತಿಂಗಳ ಮೊದಲ ಭಾಗದಲ್ಲಿ ಅಂಡಾಶಯದೊಳಗೆ ಅಂಡವಿರುವ ಸಣ್ಣ ನೀರಿನ ಚೀಲ, ಅಂದರೆ ಫಾಲಿಕಲ್, ಬೆಳೆಯುತ್ತದೆ. ಅದರಿಂದ ಬರುವ ಈಸ್ಟ್ರೊಜೆನ್ ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತದೆ. ಫಾಲಿಕಲ್ ಸುಮಾರು 18ರಿಂದ 24 ಮಿಲಿಮೀಟರ್ ಆಗುವ ಹೊತ್ತಿಗೆ ಈಸ್ಟ್ರೊಜೆನ್ ಮೇಲ್ಮಟ್ಟದಲ್ಲಿ ಎರಡು ದಿನ ನಿಲ್ಲುತ್ತದೆ. ಅದನ್ನು ಗಮನಿಸಿದ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಹಾರ್ಮೋನನ್ನು ಒಮ್ಮೆಲೇ ಹರಿಯಬಿಡುತ್ತದೆ. ಅದಾಗಿ ಒಂದೂವರೆ ದಿನದಲ್ಲಿ ಫಾಲಿಕಲ್ ಒಡೆದು ಅಂಡ ಹೊರಬರುತ್ತದೆ. ಒಡೆದ ಚೀಲ ಅಲ್ಲಿಗೇ ಮುಗಿಯುವುದಿಲ್ಲ, ಹಳದಿ ಬಣ್ಣದ ಪುಟ್ಟ ಗ್ರಂಥಿಯಾಗಿ ಪ್ರೊಜೆಸ್ಟರಾನ್ ಸುರಿಸತೊಡಗುತ್ತದೆ. ಗರ್ಭ ನಿಲ್ಲದಿದ್ದರೆ ಹನ್ನೆರಡು, ಹದಿನಾಲ್ಕು ದಿನದಲ್ಲಿ ಅದು ಬಾಡುತ್ತದೆ, ಪ್ರೊಜೆಸ್ಟರಾನ್ ಇಳಿಯುತ್ತದೆ, ಪದರ ಒಟ್ಟಿಗೆ ಕಳಚುತ್ತದೆ. ನಾವು ಮುಟ್ಟು ಅನ್ನುವುದು ಇದನ್ನೇ.

ಗರ್ಭಕೋಶಕ್ಕೆ ಅಂಡದ ಲೆಕ್ಕ ಗೊತ್ತಿರುವುದಿಲ್ಲ, ಅದಕ್ಕೆ ಗೊತ್ತಿರುವುದು ಹಾರ್ಮೋನು ಏರಿದ್ದು, ಇಳಿದದ್ದು ಮಾತ್ರ. ವರಮಹಾಲಕ್ಷ್ಮಿ ಹಬ್ಬಕ್ಕೋ ಮದುವೆಗೋ ನಾವು ತೆಗೆದುಕೊಳ್ಳುವ ಮುಂದೂಡುವ ಮಾತ್ರೆಯನ್ನೇ ನೋಡಿ. ಅದರಲ್ಲಿರುವ ನೊರೆಥಿಸ್ಟೆರೋನ್ ಪ್ರೊಜೆಸ್ಟರಾನ್‌ನ ಕೆಲಸ ಮಾಡುತ್ತದೆ, ಹಾಗಾಗಿ ನುಂಗುತ್ತಿರುವವರೆಗೆ ಪದರ ನಿಂತಿರುತ್ತದೆ. ನಿಲ್ಲಿಸಿದ ಎರಡು ಮೂರು ದಿನಕ್ಕೆ ರಕ್ತ ಬರುತ್ತದೆ. ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವವರಿಗೆ ಬಿಡುವಿನ ವಾರದಲ್ಲಿ ಆಗುವ ಸ್ರಾವವೂ ಹೀಗೆಯೇ, ಅಲ್ಲಿ ಅಂಡ ಬಿಡುಗಡೆ ಆಗಿರುವುದೇ ಇಲ್ಲ.

ಮಾತ್ರೆಯಿಲ್ಲದೆಯೂ ಇಂಥದ್ದು ನಡೆಯುವುದಕ್ಕೆ ಎರಡು ದಾರಿಗಳಿವೆ. ಒಂದರಲ್ಲಿ ಫಾಲಿಕಲ್ ಸ್ವಲ್ಪ ದೂರ ಬೆಳೆದು, ಒಡೆಯದೆ ಕುಗ್ಗಿಹೋಗುತ್ತದೆ. ಅದರ ಜೊತೆ ಈಸ್ಟ್ರೊಜೆನ್ ಬೀಳುತ್ತದೆ, ಆಧಾರ ತಪ್ಪಿದ ಪದರ ಕಳಚುತ್ತದೆ. ಇದು ಸರಿಸುಮಾರು ತಿಂಗಳ ಹೊತ್ತಿಗೇ ಆಗಿಬಿಟ್ಟರೆ ಹೊರಗಿನಿಂದ ನೋಡುವವರಿಗೆ ಮಾಮೂಲು ಮುಟ್ಟೇ. ಇನ್ನೊಂದರಲ್ಲಿ ಈಸ್ಟ್ರೊಜೆನ್ ಬೀಳುವುದೇ ಇಲ್ಲ, ಪದರ ಬೆಳೆಯುತ್ತಲೇ ಹೋಗುತ್ತದೆ. ಗೋಡೆ ಕಟ್ಟುವಾಗ ಇಟ್ಟಿಗೆ ಪೇರಿಸುತ್ತಾ ಹೋಗಿ ಗಾರೆ ಹಾಕದಿದ್ದರೆ ಹೇಗೋ ಹಾಗೆ, ಪ್ರೊಜೆಸ್ಟರಾನ್ ಇಲ್ಲದ ಪದರಕ್ಕೆ ಗಟ್ಟಿತನ ಬರುವುದಿಲ್ಲ. ಇವತ್ತು ಇಲ್ಲಿ, ನಾಳೆ ಅಲ್ಲಿ ತುಂಡುತುಂಡಾಗಿ ಉದುರುತ್ತದೆ. ಅದಕ್ಕೇ ಕೆಲವರಿಗೆ ಎರಡು ತಿಂಗಳು ಏನೂ ಇಲ್ಲದೆ, ಆಮೇಲೆ ಹತ್ತು ಹದಿನೈದು ದಿನ ನಿಲ್ಲದೆ ಹೋಗುವುದು.

ನನಗೂ ಅಂಡ ಬಿಡುಗಡೆ ಆಗುತ್ತಿಲ್ಲ ಎಂದು ಗೊತ್ತಾದದ್ದು ಥರ್ಮಾಮೀಟರಿನಿಂದ. ಪ್ರೊಜೆಸ್ಟರಾನ್ ಮೈಯ ಬಿಸಿಯನ್ನು ತುಸು ಏರಿಸುತ್ತದೆ, ಫ್ಯಾರನ್‌ಹೀಟ್‌ನಲ್ಲಿ ಅರ್ಧ ಡಿಗ್ರಿಯ ಆಸುಪಾಸು. ಜ್ವರಕ್ಕೆ ಇಡುವ ಥರ್ಮಾಮೀಟರಿಗಿಂತ ದಶಮಾಂಶದ ನಂತರ ಎರಡು ಅಂಕಿ ತೋರಿಸುವ ಬೇಸಲ್ ಥರ್ಮಾಮೀಟರ್ ಇದಕ್ಕೆ ಒಳ್ಳೆಯದು. ಅದನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡೆ. ಎಚ್ಚರವಾದ ಕೂಡಲೇ, ಎದ್ದು ಕೂರುವ ಮೊದಲೇ, ಮಾತಾಡುವ ಮೊದಲೇ ನಾಲಿಗೆಯ ಕೆಳಗೆ. ಗಂಟೆ ಬೇಕಾದರೆ ಅರ್ಧ ಗಂಟೆ ಆಚೀಚೆ ಆಗಲಿ, ಆದರೆ ಅದಕ್ಕೆ ಮೊದಲು ಮೂರು ನಾಲ್ಕು ಗಂಟೆಯಾದರೂ ಒಂದೇ ಸಮ ನಿದ್ದೆ ಆಗಿರಬೇಕು. ಜ್ವರ ಬಂದ ದಿನ, ಊರಿಗೆ ಹೋಗಿ ರಾತ್ರಿ ಬಸ್ಸಿನಲ್ಲಿ ಬಂದ ದಿನಗಳ ಅಂಕಿಗೆ ಸುತ್ತು ಹಾಕಿ ಲೆಕ್ಕದಿಂದ ಬಿಟ್ಟೆ.

ಓದುವ ರೀತಿ ಹೀಗೆ: ಹಿಂದಿನ ಆರು ದಿನದ ಅಂಕಿಗಳಿಗಿಂತ ಮೇಲಿರುವ ಅಂಕಿ ಸತತ ಮೂರು ದಿನ ಬರಬೇಕು, ಬಂದದ್ದು ಅಲ್ಲೇ ನಿಲ್ಲಬೇಕು. ಒಂದು ದಿನ ಜಿಗಿದು ಮಾರನೇ ದಿನ ಇಳಿದರೆ ಅದಕ್ಕೆ ಅರ್ಥವಿಲ್ಲ. ನಿಂತರೆ, ಏರಿಕೆಯ ಹಿಂದಿನ ದಿನವೋ ಅದರ ಆಚೀಚೆಯೋ ಅಂಡ ಬಿಡುಗಡೆಯಾಗಿದೆ ಎಂದು ತಿಳಿಯಬಹುದು. ಹಾಗೆ ತಿಳಿಯುವುದು ಆದ ಮೇಲೆಯೇ, ಮುಂಚೆ ಅಲ್ಲ. ಈ ಚಾರ್ಟಿನ ಮಿತಿಯೇ ಅದು.

ನನ್ನ ಒಂದು ಚಕ್ರವನ್ನೇ ಬಿಡಿಸಿ ಹೇಳುತ್ತೇನೆ. ಜೊತೆಗೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ, ಮೂತ್ರದಲ್ಲಿ ಅದ್ದಿ ನೋಡುವ ಎಲ್‌ಎಚ್ ಪಟ್ಟಿಗಳನ್ನೂ ಬಳಸಿದ್ದೆ. 16 ಮತ್ತು 17ನೇ ದಿನ ಪಟ್ಟಿಯ ಗೆರೆ ಗಾಢವಾಗಿ ಬಂತು. ನಿಯಮದ ಪ್ರಕಾರ ಇನ್ನೆರಡು ದಿನದಲ್ಲಿ ಬಿಸಿ ಏರಬೇಕಿತ್ತು. ಏರಲಿಲ್ಲ, 97.2 ಮತ್ತು 97.6ರ ನಡುವೆಯೇ ಓಡಾಡುತ್ತಿತ್ತು. 24ನೇ ದಿನ ಗೆರೆ ಮತ್ತೆ ಗಾಢ. ಆಗಲೂ ಏನಿಲ್ಲ. ಎಲ್‌ಎಚ್ ಪಟ್ಟಿ ಹೇಳುವುದು ಹಾರ್ಮೋನು ಮೂತ್ರದಲ್ಲಿ ಇದೆ ಎಂದಷ್ಟೇ, ಫಾಲಿಕಲ್ ಒಡೆಯಿತು ಎಂದಲ್ಲ. ಅಂಡಾಶಯದಲ್ಲಿ ಬೆಳೆಯದ ಸಣ್ಣ ಫಾಲಿಕಲ್‌ಗಳು ತುಂಬಿಕೊಳ್ಳುವ ಪಿಸಿಓಡಿ ಇರುವವರಲ್ಲಿ ಎಲ್‌ಎಚ್ ಮೊದಲೇ ಹೆಚ್ಚಿರುವುದುಂಟು, ಹೀಗಾಗಿ ಪಟ್ಟಿ ಮತ್ತೆ ಮತ್ತೆ ಆಸೆ ಹುಟ್ಟಿಸುತ್ತದೆ. ಪಟ್ಟಿಯನ್ನು ಮಾತ್ರ ನಂಬಿ ತಿಂಗಳುಗಟ್ಟಲೆ ಕಾಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

28ನೇ ದಿನ ರಕ್ತ ಕೊಟ್ಟೆ. ಈ ಪರೀಕ್ಷೆಗೆ ಎಲ್ಲರೂ "21ನೇ ದಿನದ ಪ್ರೊಜೆಸ್ಟರಾನ್" ಅನ್ನುತ್ತಾರೆ, ಚೀಟಿಯಲ್ಲೂ ಹಾಗೇ ಬರೆದಿರುತ್ತದೆ. 28 ದಿನದ ಚಕ್ರ ಇರುವವರಿಗೆ ಅದು ಸರಿ, ಯಾಕೆಂದರೆ ಬೇಕಾಗಿರುವುದು ಮುಂದಿನ ಮುಟ್ಟಿಗೆ ಏಳು ದಿನ ಮುಂಚಿನ ರಕ್ತ. 35 ದಿನದ ಚಕ್ರದವಳು 21ನೇ ದಿನ ಬಂದರೆ ಅವಳ ಅಂಡ ಅಂದೇ ಹೊರಬೀಳುತ್ತಿರಬಹುದು, ಪ್ರೊಜೆಸ್ಟರಾನ್ ಇನ್ನೂ ಶುರುವಾಗಿರುವುದಿಲ್ಲ. ಎಲ್ಲ ಸರಿಯಿದ್ದವಳಿಗೂ ಅಂಡವಿಲ್ಲ ಎಂಬ ವರದಿ ಕೈಗೆ ಬರುತ್ತದೆ. ಲ್ಯಾಬಿಗೆ ಬಂದವರನ್ನು "ನಿಮ್ಮ ಚಕ್ರ ಎಷ್ಟು ದಿನದ್ದಮ್ಮಾ?" ಎಂದು ನಾನು ಕೇಳಿಯೇ ಸೂಜಿ ಹಾಕುವುದು. ಚಕ್ರ ಉದ್ದ ಅಂದರೆ, ಡಾಕ್ಟರಿಗೆ ಒಂದು ಫೋನ್ ಮಾಡಿ ದಿನ ಕೇಳಿಕೊಂಡು ಬನ್ನಿ ಅನ್ನುತ್ತೇನೆ.

ನನ್ನ ವರದಿ ಮಿಲಿಲೀಟರಿಗೆ 0.4 ನ್ಯಾನೋಗ್ರಾಂ. 3ಕ್ಕಿಂತ ಮೇಲಿದ್ದರೆ ಅಂಡ ಬಿಡುಗಡೆಯಾಗಿದೆ ಎಂದು ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ. ಆದರೂ ಅಂದೇ ತೀರ್ಮಾನ ಮಾಡುವ ಹಾಗಿರಲಿಲ್ಲ, ಬಿಡುಗಡೆ ತಡವಾಗಿ 29ಕ್ಕೋ 30ಕ್ಕೋ ಆಗಬಹುದಿತ್ತು. 35ನೇ ದಿನ ಮುಟ್ಟಾದಾಗ ಆ ಅನುಮಾನ ತೀರಿತು. ಅಂಡ ಹೊರಬಿದ್ದಿದ್ದರೆ 28ನೇ ದಿನಕ್ಕೆ ಪ್ರೊಜೆಸ್ಟರಾನ್ ತುದಿಯಲ್ಲಿರಬೇಕಿತ್ತು. ಬಿಸಿ ಏರಿಲ್ಲ, ಹಾರ್ಮೋನು ಇಲ್ಲ, ರಕ್ತ ಮಾತ್ರ ಬಂದಿದೆ. ಎರಡೂ ಸಾಕ್ಷಿ ಒಂದೇ ಮಾತು ಹೇಳಿದವು.

ಆ ಮುಟ್ಟಿನ ಸ್ವಭಾವವೂ ಬೇರೆಯಾಗಿತ್ತು. ಹೊಟ್ಟೆ ನೋವಿಲ್ಲ, ಮುಟ್ಟಿಗೆ ಮುಂಚಿನ ದಿನಗಳಲ್ಲಿ ಎದೆ ಬಿಗಿತವಿಲ್ಲ. ಶುರುವಾದದ್ದು ಕಂದು ಕಲೆಯಾಗಿ, ಎಂಟು ದಿನ ಎಳೆದಾಡಿ ನಿಂತಿತು. ಗರ್ಭಕೋಶವನ್ನು ಹಿಂಡಿ ನೋವು ತರುವ ಪ್ರೊಸ್ಟಗ್ಲಾಂಡಿನ್ ಹೆಚ್ಚಾಗಿ ತಯಾರಾಗುವುದು ಪ್ರೊಜೆಸ್ಟರಾನ್ ಕಂಡ ಪದರದಲ್ಲಿ. ಹಾಗಂತ ನೋವಿಲ್ಲದ ಮುಟ್ಟೆಲ್ಲ ಅಂಡವಿಲ್ಲದ್ದು ಎಂದು ಹೇಳಲಾಗದು, ನೋವಿದ್ದರೆ ಅಂಡ ಇದ್ದೇ ಇತ್ತು ಎಂದೂ ಅಲ್ಲ. ನಮ್ಮತ್ತೆ "ನೋವಿಲ್ಲದೆ ಆಗೋದು ಪುಣ್ಯ ಕಣಮ್ಮ" ಎಂದಿದ್ದರು. ಅವರಿಗೆ ಚಾರ್ಟನ್ನೇ ತೋರಿಸಿ ವಿವರಿಸಿದೆ, ಪೂರ್ತಿ ಕೇಳಿಸಿಕೊಂಡು ಡಾಕ್ಟರ ಹತ್ತಿರ ಅವರೇ ಜೊತೆಗೆ ಬಂದರು.

ಡಾಕ್ಟರು ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಮೊದಲು ನೋಡಿದರು, ಇವೆರಡು ತಪ್ಪಿದರೂ ಅಂಡ ಬಿಡುಗಡೆ ನಿಲ್ಲುತ್ತದೆ. ಎರಡೂ ಸರಿಯಿದ್ದವು. ಸ್ಕ್ಯಾನಿನಲ್ಲಿ ಎರಡೂ ಅಂಡಾಶಯದ ತುಂಬ ಸಣ್ಣ ಸಣ್ಣ ಫಾಲಿಕಲ್‌ಗಳು, ಯಾವುದೂ 10 ಮಿಲಿಮೀಟರ್ ದಾಟಿರಲಿಲ್ಲ. ಪಿಸಿಓಡಿಯಲ್ಲಿ ಆಗುವುದು ಹೀಗೆ: ಹೆಚ್ಚಿದ ಇನ್ಸುಲಿನ್ ಮತ್ತು ಎಲ್‌ಎಚ್ ಸೇರಿ ಅಂಡಾಶಯದಲ್ಲಿ ಗಂಡು ಹಾರ್ಮೋನನ್ನು ಹೆಚ್ಚಿಸುತ್ತವೆ, ಫಾಲಿಕಲ್‌ಗಳು ಅರ್ಧದಲ್ಲೇ ನಿಲ್ಲುತ್ತವೆ. ಒಂದೂ ಮುಂದಾಳಾಗಿ ಬೆಳೆಯದಿದ್ದರೆ ಪಿಟ್ಯುಟರಿಗೆ ಸರಿಯಾದ ಸೂಚನೆ ಹೋಗುವುದಿಲ್ಲ. ತೂಕ ಹೆಚ್ಚಿರುವವರಲ್ಲಿ 5ರಿಂದ 10 ಶೇಕಡಾ ಇಳಿದರೂ ಎಷ್ಟೋ ಮಂದಿಗೆ ಅಂಡ ತಾನೇ ಬಿಡುಗಡೆಯಾಗತೊಡಗುತ್ತದೆ. ನನ್ನ ತೂಕ ಮಾಮೂಲಾಗಿತ್ತು. ಅದಕ್ಕೆ ಮುಟ್ಟಿನ ಮೂರನೇ ದಿನದಿಂದ ಐದು ದಿನ ಲೆಟ್ರೊಜೋಲ್ 2.5 ಮಿಲಿಗ್ರಾಂ ಕೊಟ್ಟರು. ಅದು ಈಸ್ಟ್ರೊಜೆನ್ ತಯಾರಿಕೆಯನ್ನು ಸ್ವಲ್ಪ ದಿನ ತಡೆಯುತ್ತದೆ, ಕೊರತೆ ಕಂಡ ಪಿಟ್ಯುಟರಿ ಫಾಲಿಕಲ್ ಬೆಳೆಸುವ ಎಫ್‌ಎಸ್‌ಎಚ್ ಹಾರ್ಮೋನನ್ನು ಹೆಚ್ಚಿಸುತ್ತದೆ, ಒಂದು ಫಾಲಿಕಲ್‌ಗೆ ಮುಂದೆ ಹೋಗಲು ಬಲ ಬರುತ್ತದೆ.

ಆ ಚಕ್ರದ 14ನೇ ದಿನ ಸ್ಕ್ಯಾನಿನಲ್ಲಿ ಒಂದು ಫಾಲಿಕಲ್ 19 ಮಿಲಿಮೀಟರ್ ಇತ್ತು. 17ನೇ ದಿನ ಬೆಳಿಗ್ಗೆ ಥರ್ಮಾಮೀಟರ್ 97.9 ತೋರಿಸಿತು, ಮಾರನೇ ದಿನ 98.0, ಅದರ ಮಾರನೇ ದಿನವೂ ಅಷ್ಟೇ. ಮೂರನೇ ಅಂಕಿ ಬರೆದಾಗ ನನ್ನ ಕೈ ನಡುಗುತ್ತಿತ್ತು. 23ನೇ ದಿನದ ಪ್ರೊಜೆಸ್ಟರಾನ್ 11 ಬಂತು. 30ನೇ ದಿನ ಬಿಸಿ ಇಳಿದು ಮುಟ್ಟಾಯಿತು, ಈ ಸಲ ಕೆಳಹೊಟ್ಟೆ ಹಿಂಡುವ ನೋವಿನೊಂದಿಗೆ, ಐದೇ ದಿನ. ಗರ್ಭ ನಿಂತಿರಲಿಲ್ಲ. ಆದರೆ ಚಾರ್ಟಿನಲ್ಲಿ ಎರಡು ಮೆಟ್ಟಿಲು ಸ್ಪಷ್ಟವಾಗಿ ಕಾಣುತ್ತಿದ್ದವು, ಚಿಕಿತ್ಸೆಯನ್ನು ಅದೇ ಪ್ರಮಾಣದಲ್ಲಿ ಮುಂದುವರಿಸಲು ಡಾಕ್ಟರಿಗೆ ಅಷ್ಟು ಸಾಕಾಯಿತು.

ಒಂದೆರಡು ತಿಂಗಳು ಅಂಡ ಬಿಡುಗಡೆ ಆಗದಿದ್ದರೆ ಅದು ರೋಗವಲ್ಲ. ಮೈನೆರೆದ ಮೊದಲ ಕೆಲವು ವರ್ಷ, ಹಾಲುಣಿಸುವಾಗ, ಮುಟ್ಟು ನಿಲ್ಲುವ ವಯಸ್ಸು ಹತ್ತಿರ ಬಂದಾಗ, ತೂಕ ತೀರಾ ಇಳಿದಾಗ ಇದು ಆಗುತ್ತದೆ. ಅಂಡ ಬರುವುದಿಲ್ಲ ಎಂದುಕೊಂಡು ಗರ್ಭನಿರೋಧಕ ಬಿಡುವುದೂ ಬೇಡ, ಯಾವ ತಿಂಗಳು ಅದು ಮರಳುತ್ತದೋ ಮುಂಚಿತವಾಗಿ ತಿಳಿಯುವ ದಾರಿಯಿಲ್ಲ. ಮಗು ಬೇಡದವರೂ ಗಮನಿಸಬೇಕಾದದ್ದು ಇನ್ನೊಂದಿದೆ. ಪ್ರೊಜೆಸ್ಟರಾನ್ ಇಲ್ಲದೆ ವರ್ಷಗಟ್ಟಲೆ ಈಸ್ಟ್ರೊಜೆನ್ ಮಾತ್ರವೇ ಪದರವನ್ನು ಬೆಳೆಸುತ್ತಿದ್ದರೆ ಅದು ಅತಿಯಾಗಿ ದಪ್ಪವಾಗಿ ಮುಂದೆ ಕ್ಯಾನ್ಸರಿಗೂ ತಿರುಗಬಹುದು. ಮೂರು ತಿಂಗಳು ಮುಟ್ಟಾಗದಿದ್ದರೆ ಮೊದಲು ಗರ್ಭ ಪರೀಕ್ಷೆ ಮಾಡಿಕೊಂಡು ಡಾಕ್ಟರ ಬಳಿ ಹೋಗಬೇಕು. ಗರ್ಭವಿಲ್ಲದಿದ್ದರೆ ಅವರು ಹತ್ತು ದಿನದ ಪ್ರೊಜೆಸ್ಟರಾನ್ ಮಾದರಿಯ ಮಾತ್ರೆ ಕೊಟ್ಟು ಪದರವನ್ನು ಕಳಚಿಸುತ್ತಾರೆ. ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ಹೋದರೆ, ನಲವತ್ತು ದಾಟಿದ ಮೇಲೆ ಹೊಸದಾಗಿ ಏರುಪೇರಾದರೆ, ಅಷ್ಟೂ ಕಾಯದೆ ಅಂದೇ ಹೋಗಿ.