ಕೊಳೆರೋಗದ ಪಿಎಚ್‌ಡಿಯನ್ನು ಮೂರು ನಿಮಿಷಕ್ಕೆ ಇಳಿಸಿದ್ದು

ನನ್ನ ಪ್ರಬಂಧದ ಶೀರ್ಷಿಕೆ ಹೀಗಿದೆ: ‘ತೀರ್ಥಹಳ್ಳಿ ತಾಲ್ಲೂಕಿನ ವಿವಿಧ ವಯೋಮಾನದ ಅಡಿಕೆ ತೋಟಗಳ ಮೇಲ್ಮಣ್ಣಿನಲ್ಲಿ ತಾಮ್ರದ ಲಭ್ಯತೆಯ ಮೇಲೆ ಸಾವಯವ ಇಂಗಾಲ ಹಾಗೂ ಆಮ್ಲೀಯತೆಯ ಪ್ರಭಾವ.’ ಇದನ್ನು ಒಂದೇ ಉಸಿರಿಗೆ ಓದಿದರೂ ಹತ್ತು ಸೆಕೆಂಡು ಹೋಗುತ್ತದೆ. ಸ್ಪರ್ಧೆಯಲ್ಲಿ ಸಿಗುವುದು ನೂರ ಎಂಬತ್ತು ಸೆಕೆಂಡು.

ಈ ‘ತ್ರೀ ಮಿನಿಟ್ ಥೀಸಿಸ್’ 2008ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ನಿಯಮ ಕಟ್ಟುನಿಟ್ಟು. ಅಲುಗಾಡದ ಒಂದೇ ಸ್ಲೈಡ್, ಕೈಯಲ್ಲಿ ಯಾವ ವಸ್ತುವೂ ಇಲ್ಲ, ಪದ್ಯ ಹಾಡು ಇಲ್ಲ. ಮೂರು ನಿಮಿಷ ದಾಟಿದರೆ ಅಂಕ ಕಡಿತವಲ್ಲ, ಸ್ಪರ್ಧೆಯಿಂದಲೇ ಹೊರಕ್ಕೆ. ನಾವು ಬಾಯಿ ತೆರೆದಾಗಲೋ, ಅಭಿನಯಕ್ಕೆಂದು ಮೈ ಅಲುಗಿಸಿದಾಗಲೋ, ಯಾವುದು ಮೊದಲೋ ಆಗಲೇ ಗಡಿಯಾರ ಓಡತೊಡಗುತ್ತದೆ. ನಮ್ಮಲ್ಲಿ ಕನ್ನಡದಲ್ಲಿ ಮಾತಾಡಲು ಅವಕಾಶವಿತ್ತು. ಕೇಳುವವರಲ್ಲಿ ಅಡಿಕೆ ಬೆಳೆಗಾರರೂ ಇರುತ್ತಾರೆಂದು ಗೊತ್ತಿತ್ತು, ಹಾಗಾಗಿ ನಾನು ಕನ್ನಡವನ್ನೇ ಆರಿಸಿಕೊಂಡೆ.

ಮೊದಲು ಅಧ್ಯಾಯಗಳನ್ನು ಎದುರಿಗಿಟ್ಟುಕೊಂಡು, ಪ್ರತಿಯೊಂದನ್ನೂ ಸಾರಾಂಶ ಮಾಡುವ ಆಸೆಯನ್ನು ಬಿಟ್ಟೆ. ಆರು ಅಧ್ಯಾಯದ ಆರು ಸಾರಾಂಶ ಸೇರಿದರೆ ಅದು ಪರಿವಿಡಿಯಾಗುತ್ತದೆ, ಭಾಷಣವಾಗುವುದಿಲ್ಲ. ಬದಲಿಗೆ ತೋಟದವರೇ ಕೇಳಬಹುದಾದ ಒಂದು ಪ್ರಶ್ನೆ ಹುಡುಕಿದೆ: ಮರಕ್ಕೆ ಹೊಡೆದ ಮೈಲುತುತ್ತ ಕೊನೆಗೆ ಎಲ್ಲಿಗೆ ಹೋಗುತ್ತೆ? ಮೈಲುತುತ್ತವೆಂದರೆ ತಾಮ್ರದ ಸಲ್ಫೇಟು. ಅದನ್ನು ಸುಣ್ಣದ ಜೊತೆ ಕೂಡಿಸಿದ ಬೋರ್ಡೋ ದ್ರಾವಣವನ್ನು, ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗ ತಡೆಯಲು ಹೊಡೆಯುತ್ತಾರೆ. ಈ ಪ್ರಶ್ನೆಗೆ ಉತ್ತರ ಕೊಡದ ಎಲ್ಲವನ್ನೂ ಪಕ್ಕಕ್ಕೆ ಸರಿಸಿದೆ. ಸೂಕ್ಷ್ಮಜೀವಿಗಳ ಅಧ್ಯಾಯ ಪೂರ್ತಿ ಹೋಯಿತು, ಅಂಕಿಅಂಶ ವಿಶ್ಲೇಷಣೆ ಹೋಯಿತು. ಹಿಂದಿನ ಸಂಶೋಧನೆಗಳ ಸಮೀಕ್ಷೆಯಲ್ಲಿ ಉಳಿದದ್ದು ಒಂದು ವಾಕ್ಯ.

ಆರಂಭ ಹೀಗೆ ಬಂತು:

“ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಲೆಕ್ಕ ಬಾಯಿಪಾಠ. ಕೊಳೆರೋಗಕ್ಕೆ ಬೋರ್ಡೋ ಹೊಡೆಯೋದನ್ನ ನೂರು ವರ್ಷಕ್ಕೂ ಹಿಂದೆ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಬಳಕೆಗೆ ತಂದರು. ಆ ನೂರು ಲೀಟರಲ್ಲಿ ಸುಮಾರು ಕಾಲು ಕೆಜಿ ಶುದ್ಧ ತಾಮ್ರ ಇರುತ್ತೆ. ಮಳೆಗೆ ಅದು ತೊಳೆದು ಕೆಳಗಿಳಿಯುತ್ತೆ. ಆಮೇಲೆ?”

ಕಾಲು ಕೆಜಿ ಎಂಬುದು ಪ್ರಬಂಧದಲ್ಲಿ ಎಲ್ಲೂ ಇಲ್ಲ. ಅಲ್ಲಿರುವುದೆಲ್ಲ ಒಂದು ಕೆಜಿ ಮಣ್ಣಿಗೆ ಇಷ್ಟು ಮಿಲಿಗ್ರಾಂ ಎಂಬ ಕೋಷ್ಟಕಗಳು. ಮೈಲುತುತ್ತದ ಹರಳಿನ ತೂಕದಲ್ಲಿ ಕಾಲು ಭಾಗದಷ್ಟು ತಾಮ್ರ, ಉಳಿದದ್ದು ಸಲ್ಫೇಟು ಮತ್ತು ಹರಳಿನೊಳಗಿನ ನೀರು. ಆ ಲೆಕ್ಕ ಹಿಡಿದು ನೂರು ಲೀಟರ್ ದ್ರಾವಣದ ಅಳತೆಗೆ ತಂದೆ. ಆರಂಭದ ಈ ಅಂಕಿಗಳನ್ನು ಬಿಟ್ಟರೆ ಇಡೀ ಭಾಷಣದಲ್ಲಿ ಬೇರೆ ಅಂಕಿ ಇಲ್ಲ.

ಕಷ್ಟವಾದದ್ದು ನಡುವಿನ ಭಾಗ. ನನ್ನ ಸಂಶೋಧನೆಯ ಜೀವಾಳವೆಂದರೆ ಮಣ್ಣಿನಲ್ಲಿರುವ ಒಟ್ಟು ತಾಮ್ರ ಬೇರೆ, ಬೇರಿಗೆ ಸಿಗುವ ತಾಮ್ರ ಬೇರೆ ಎಂಬುದು. ಒಟ್ಟು ಎಷ್ಟಿದೆ ಎಂದು ತಿಳಿಯಲು ಮಣ್ಣನ್ನು ಕಡು ಆಮ್ಲದಲ್ಲಿ ಕುದಿಸುತ್ತೇವೆ. ಸಿಗುವಂಥದ್ದು ಎಷ್ಟು ಎಂಬುದಕ್ಕೆ ಡಿಟಿಪಿಎ ಎಂಬ ದ್ರಾವಣದಲ್ಲಿ ಅಲ್ಲಾಡಿಸಿ ಸೋಸುತ್ತೇವೆ. ಈ ವಿಧಾನ ಬಿಚ್ಚಿಟ್ಟರೆ ಒಂದು ನಿಮಿಷ ಅದಕ್ಕೇ ಬೇಕು. ಹಾಗಾಗಿ ಹೀಗೆ ಬರೆದೆ:

“ತಾಮ್ರ ಕೊಳೆಯೋದಿಲ್ಲ, ಆವಿ ಆಗೋದಿಲ್ಲ. ನಾನು ನೋಡಿದ ಹಳೇ ತೋಟಗಳಲ್ಲಿ ಅದು ಹೆಚ್ಚಾಗಿ ಮೇಲಿನ ಗೇಣು ಮಣ್ಣಲ್ಲೇ ಕೂತಿದೆ. ಆದರೆ ಅದರಲ್ಲಿ ಹೆಚ್ಚಿನ ಪಾಲು ಸೊಸೈಟಿಯಲ್ಲಿಟ್ಟ ಡಿಪಾಸಿಟ್ ಇದ್ದಂಗೆ, ಇದೆ, ಆದರೆ ಕೈಗೆ ಸಿಗಲ್ಲ. ಸೊಪ್ಪು, ಗೊಬ್ಬರ ಕೊಳೆತು ಆದ ಕಪ್ಪು ಮಣ್ಣು ಅದನ್ನ ಹಿಡಿದಿಟ್ಟಿರುತ್ತೆ. ಮಣ್ಣು ಹುಳಿಯಾಗ್ತಾ ಹೋದರೆ ಆ ಡಿಪಾಸಿಟ್ ಬಿಡುಗಡೆ ಆಗೋಕೆ ಶುರುವಾಗುತ್ತೆ. ಆಗ ತೊಂದರೆ ಎರೆಹುಳಕ್ಕೆ, ಬೇರಿಗೆ.”

ಹೋಲಿಕೆಯನ್ನು ಎಲ್ಲಿ ನಿಲ್ಲಿಸಬೇಕು ಎಂದು ಯೋಚಿಸಿಯೇ ನಿಲ್ಲಿಸಿದೆ. ಡಿಪಾಸಿಟ್ಟಿಗೆ ಬಡ್ಡಿ ಇದೆ, ತಾಮ್ರಕ್ಕೆ ಇಲ್ಲ. ಇನ್ನೊಂದು ವಾಕ್ಯ ಎಳೆದಿದ್ದರೆ ಕೇಳುಗರ ತಲೆ ಆ ಕಡೆ ಹೋಗುತ್ತಿತ್ತು.

ಕರಡನ್ನು ಮೊದಲು ಓದಿ ಹೇಳಿದ್ದು ಚಿಕ್ಕಪ್ಪನಿಗೆ. ಅವರಿಗೆ ತೋಟವಿದೆ, ಜೂನ್ ಹೊತ್ತಿಗೆ ಔಷಧಿ ಹೊಡೆಸುವುದು ಅವರದೇ ತಲೆಬಿಸಿ. ಕೇಳಿ ಮುಗಿಸಿ, “ಅಂದ್ರೆ ಬೋರ್ಡೋ ಹೊಡೀಬಾರ್ದು ಅಂತೀಯನಾ ಮಾರಾಯಾ? ಕೊನೆಯೆಲ್ಲ ಉದುರಿ ಹೋದ್ರೆ ಯಾರು ಕೊಡ್ತಾರೆ?” ಅಂದರು. ನಾನು ತಿಳಿಯಬೇಕಾಗಿದ್ದದ್ದೂ ಇದನ್ನೇ. ‘ಅರ್ಥ ಆಯ್ತಾ’ ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಕೇಳಿದವರು ನಾಳೆ ತೋಟದಲ್ಲಿ ಏನು ಮಾಡುತ್ತಾರೆ ಎಂಬುದರಲ್ಲಿ ಮಾತ್ರ ಅವರಿಗೆ ಏನು ಮುಟ್ಟಿತು ಅನ್ನುವುದು ಗೊತ್ತಾಗುತ್ತದೆ.

ಪ್ರಬಂಧದಲ್ಲಿ ಪ್ರತಿ ಪುಟಕ್ಕೂ ‘ಈ ಮಿತಿಯೊಳಗೆ’, ‘ಈ ಮಾದರಿಗಳ ಮಟ್ಟಿಗೆ’ ಎಂಬ ಎಚ್ಚರಿಕೆಗಳಿವೆ. ಮೂರು ನಿಮಿಷದಲ್ಲಿ ಅವೆಲ್ಲಕ್ಕೂ ಜಾಗವಿಲ್ಲ. ಯಾವ ಎಚ್ಚರಿಕೆ ಬಿಟ್ಟರೆ ಕೇಳಿದವರಿಗೆ ನಷ್ಟವಾಗುತ್ತದೋ ಅದನ್ನು ಉಳಿಸುವುದು, ಸಂಶೋಧಕರನ್ನು ಮಾತ್ರ ಕಾಯುವಂಥದ್ದನ್ನು ಬಿಡುವುದು ಎಂದು ತೀರ್ಮಾನಿಸಿದೆ. ‘ನಾನು ನೋಡಿದ ಹಳೇ ತೋಟಗಳಲ್ಲಿ’ ಎಂಬ ನಾಲ್ಕು ಪದ ಉಳಿದವು, ಏಕೆಂದರೆ ಸಾಗರದ ಮಣ್ಣಿಗೋ ಶಿರಸಿಯ ಮಣ್ಣಿಗೋ ನಾನು ಮಾತು ಕೊಡಲಾರೆ. ಮಾದರಿ ತೆಗೆದ ಆಳ, ಉಪಕರಣದ ನಿಖರತೆ ಹೋದವು. ಚಿಕ್ಕಪ್ಪನ ಪ್ರಶ್ನೆಗೆ ಕೊನೆಯ ಭಾಗದಲ್ಲಿ ನೇರ ಉತ್ತರ ಇಟ್ಟೆ:

“ಬೋರ್ಡೋ ಬಿಡಿ ಅಂತ ನಾನು ಹೇಳ್ತಾ ಇಲ್ಲ. ಬಿಟ್ಟರೆ ಕೊಳೆ ಬಿಡೋದಿಲ್ಲ. ಹದವಾಗಿ ಕೂಡಿಸಿ, ಅಳತೆ ಮೀರಬೇಡಿ, ಬುಡಕ್ಕೆ ಸೊಪ್ಪು ಗೊಬ್ಬರ ಹಾಕೋದು ನಿಲ್ಲಿಸಬೇಡಿ. ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರವನ್ನೂ ನೋಡಿ ಅಂತ ಕೇಳಿ. ಹುಳಿ ಹೆಚ್ಚಿದ್ದರೆ ವರದಿ ಹೇಳಿದಷ್ಟು ಸುಣ್ಣ ಕೊಡಿ.”

‘ಹದವಾಗಿ’ ಅಂದರೆ ಏನು ಎಂದು ವೇದಿಕೆಯಲ್ಲಿ ವಿವರಿಸಲಿಲ್ಲ. ಬೆಳೆಗಾರರಿಗೆ ಗೊತ್ತು. ಸಿದ್ಧವಾದ ದ್ರಾವಣದಲ್ಲಿ ಉಜ್ಜಿ ತೊಳೆದ ಕಬ್ಬಿಣದ ಕತ್ತಿ ಅದ್ದಿ ತೆಗೆದರೆ ಅಲಗಿನ ಮೇಲೆ ಕೆಂಪು ಕಿಲುಬಿನಂಥ ಬಣ್ಣ ಕೂರಬಾರದು. ಕೂತರೆ ತಾಮ್ರ ಪೂರ್ತಿ ಸುಣ್ಣಕ್ಕೆ ಸೇರಿಲ್ಲ, ಇನ್ನಷ್ಟು ಸುಣ್ಣದ ತಿಳಿ ಬೇಕು ಎಂದರ್ಥ. ಸ್ಲೈಡಿಗೆ ಇದರ ಫೋಟೊ ಹಾಕೋಣ ಅನ್ನಿಸಿತ್ತು, ಚೆಂದವೂ ಇತ್ತು. ಆದರೆ ನನ್ನ ಪ್ರಶ್ನೆ ಮಣ್ಣಿನದು. ಕೊನೆಗೆ ತೋಟದಲ್ಲಿ ತೋಡಿದ ಗುಂಡಿಯ ಗೋಡೆಯ ಫೋಟೊ ಇಟ್ಟು, ಮೇಲಿನ ಗೇಣಿನಷ್ಟು ಭಾಗಕ್ಕೆ ನೀಲಿ ಗೆರೆ ಎಳೆದೆ. ಅಕ್ಷರ ಒಂದೂ ಇಲ್ಲ. ಓದಲು ಏನಾದರೂ ಕಂಡರೆ ಜನ ಮಾತು ಕೇಳುವುದನ್ನು ನಿಲ್ಲಿಸಿ ಓದತೊಡಗುತ್ತಾರೆ.

ಸಮಯದ ಬಗ್ಗೆ ಕನ್ನಡದವರಿಗೆ ಒಂದು ಮಾತು. ಮೂರು ನಿಮಿಷಕ್ಕೆ ನಾನೂರು ಪದ ಎಂಬ ಲೆಕ್ಕ ಇಂಗ್ಲಿಷಿನದು. ನಮ್ಮ ಪದಗಳಿಗೆ ಬಾಲ ಉದ್ದ. ‘ಹಿಡಿದಿಟ್ಟುಕೊಂಡಿರುತ್ತದೆ’ ಎಂಬ ಒಂದು ಪದದ ಜಾಗದಲ್ಲಿ ಇಂಗ್ಲಿಷಿನವರು ಮೂರ್ನಾಲ್ಕು ಹೇಳಿ ಮುಗಿಸುತ್ತಾರೆ. ನನ್ನ ಮಾತಿನ ವೇಗಕ್ಕೆ ಇನ್ನೂರೈವತ್ತರ ಆಸುಪಾಸಿಗೇ ಸಮಯ ತುಂಬುತ್ತಿತ್ತು. ಪದ ಎಣಿಸುವುದು ಬಿಟ್ಟು, ನಿಂತುಕೊಂಡು ಜೋರಾಗಿ ಓದಿ ಗಡಿಯಾರ ನೋಡುವುದೇ ಸರಿ. ಕೂತು ಮನಸ್ಸಿನಲ್ಲಿ ಓದಿದ್ದಕ್ಕಿಂತ ಅದು ಯಾವಾಗಲೂ ಉದ್ದವೇ ಬರುತ್ತದೆ. ಎರಡು ಮುಕ್ಕಾಲು ನಿಮಿಷಕ್ಕೆ ಮುಗಿಯುವಂತೆ ಕತ್ತರಿಸಿದೆ. ಸಭೆ ಎಲ್ಲಾದರೂ ನಕ್ಕರೆ ಆ ನಗು ಇಳಿಯುವವರೆಗೆ ಕಾಯಬೇಕಲ್ಲ.

ಇಷ್ಟಾದರೂ ತಡವಾದರೆ ಬಿಡಲು ಒಂದು ವಾಕ್ಯವನ್ನು ಮೊದಲೇ ಗುರುತು ಮಾಡಿಟ್ಟಿದ್ದೆ: ಕೋಲ್ಮನ್ನರದು. ಅದನ್ನು ತೆಗೆದರೆ ಮುಂದಿನ ಮಾತಿಗೆ ಕೊಂಡಿ ತಪ್ಪುವುದಿಲ್ಲ, ಹತ್ತು ಸೆಕೆಂಡು ಉಳಿಯುತ್ತದೆ. ‘ಬೋರ್ಡೋ ಬಿಡಿ ಅಂತ ನಾನು ಹೇಳ್ತಾ ಇಲ್ಲ’ ಎಂಬುದನ್ನು ಮಾತ್ರ, ಗಂಟೆ ಬಾರಿಸುವವರು ಎದ್ದು ನಿಂತರೂ ಬಿಡುವಂತಿರಲಿಲ್ಲ.